ಪದ ಪರಿಚಯ: ದ್ವಿವಕ್ರೀಭವನ

ವಕ್ರೀಭವನವೆಂದರೆ ಬಾಗುವಿಕೆ, ಅದಕ್ಕೆ ‘ದ್ವಿ’ ಸೇರಿದರೆ ಒಂದೇ ಕಿರಣ ಎರಡಾಗಿ ಬಾಗುವುದು. 1669ರಲ್ಲಿ ಡೆನ್ಮಾರ್ಕಿನ ಬಾರ್ತೊಲಿನ್ ಇದನ್ನು ಕ್ಯಾಲ್ಸೈಟ್ ಹರಳಿನಲ್ಲಿ ಕಂಡು ಬರೆದಿಟ್ಟ. ಕಾಗದದ ಮೇಲಿನ ಚುಕ್ಕೆಯ ಮೇಲೆ ಹರಳನ್ನಿಟ್ಟರೆ ಚುಕ್ಕೆ ಎರಡಾಗುತ್ತದೆ. ಹರಳನ್ನು ತಿರುಗಿಸಿ ನೋಡಿ: ಒಂದು ಚುಕ್ಕೆ ಕದಲುವುದಿಲ್ಲ, ಇನ್ನೊಂದು ಅದನ್ನು ಸುತ್ತುತ್ತದೆ. ಕದಲದ್ದು ಸಾಮಾನ್ಯ ಕಿರಣದ್ದು, ಸುತ್ತುವುದು ಅಸಾಮಾನ್ಯ ಕಿರಣದ್ದು. ಪೋಲರಾಯ್ಡ್ ಹಾಳೆಯನ್ನು ಅಡ್ಡ ಹಿಡಿದು ತಿರುಗಿಸಿದರೆ ಎರಡೂ ಸರದಿಯಂತೆ ಮಾಯವಾಗುತ್ತವೆ, ಏಕೆಂದರೆ ಅವುಗಳ ಕಂಪನ ಪರಸ್ಪರ ಲಂಬ.

ಬೆಳಕು ದ್ಯುತಿ ಅಕ್ಷದ ಗುಂಟ ಸಾಗಿದರೆ ಮಾತ್ರ ಈ ಒಡಕಿಲ್ಲ. ಅಕ್ಷವೆಂದರೆ ಹರಳಿನೊಳಗಿನ ಒಂದು ಗೆರೆಯಲ್ಲ, ದಿಕ್ಕು. ಈ ಹೆಸರು ಅಷ್ಟರಮಟ್ಟಿಗೆ ದಾರಿ ತಪ್ಪಿಸುತ್ತದೆ.

ಅಕ್ಷಕ್ಕೆ ಸಮಾಂತರವಾಗಿ ತೆಳುವಾಗಿ ಕೊಯ್ದ ಬಿಲ್ಲೆಯಲ್ಲಿ ಎರಡೂ ಕಿರಣ ಒಂದೇ ದಾರಿಯಲ್ಲಿ, ಬೇರೆ ಬೇರೆ ವೇಗದಲ್ಲಿ ಹೋಗುತ್ತವೆ. ಒಂದು ಅರ್ಧ ತರಂಗದಷ್ಟು ಹಿಂದುಳಿದರೆ ಅದು ಅರ್ಧ ತರಂಗ ಫಲಕ. ಸೋಡಿಯಂ ದೀಪದ ಹಳದಿಗೆ ಸ್ಫಟಿಕಶಿಲೆಯಲ್ಲಿ ಸುಮಾರು 32 ಮೈಕ್ರಾನ್ ದಪ್ಪ ಸಾಕು. ಕಂಪನದಿಕ್ಕು ಅಕ್ಷದೊಡನೆ 20 ಡಿಗ್ರಿ ಇದ್ದರೆ, ಹೊರಬರುವಾಗ 40 ಡಿಗ್ರಿ ತಿರುಗಿರುತ್ತದೆ. ಆದರೆ ಬಣ್ಣ ಬದಲಾದರೆ ಲೆಕ್ಕ ತಪ್ಪುತ್ತದೆ. ಹಲವು ಬಣ್ಣಗಳಿಗೂ ಹೊಂದುವಂತೆ ಫಲಕಗಳನ್ನು ಜೋಡಿಸುವ ಬಗೆಯನ್ನು 1955ರಲ್ಲಿ ಪ್ರಕಟಿಸಿದವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಪಂಚರತ್ನಂ.