ಮಾರ್ಫಿನ್ ಪ್ರಮಾಣ ಏರಿದರೆ ಅದು ಚಟವೇ?

ಕ್ಯಾನ್ಸರ್ ನೋವಿಗೆ ನಾಲ್ಕು ಗಂಟೆಗೊಮ್ಮೆ 10 ಮಿಲಿಗ್ರಾಂ ಮಾರ್ಫಿನ್ ಸೇವಿಸುತ್ತಿದ್ದ ರೋಗಿಗೆ ಕೆಲವು ವಾರಗಳ ನಂತರ ಅದು ಸಾಲದಾಗುತ್ತದೆ. ವೈದ್ಯರು 15 ಮಿಲಿಗ್ರಾಂ ಬರೆದುಕೊಡುತ್ತಾರೆ. ಚಟ ಹತ್ತಿತೆಂದು ಹೆದರಿದ ಮನೆಯವರು ಮಾತ್ರೆಯನ್ನೇ ನಿಲ್ಲಿಸಿಬಿಡುತ್ತಾರೆ. ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೆಂದು ಭಾವಿಸುವುದೇ ಈ ಭಯಕ್ಕೆ ಕಾರಣ.

ಮೊದಲನೆಯದು ಸಹಿಷ್ಣುತೆ. ಮಾರ್ಫಿನ್ ನರಕೋಶದ ಮೇಲಿರುವ ಗ್ರಾಹಕಗಳಿಗೆ ಅಂಟಿಕೊಂಡು ನೋವಿನ ಸಂದೇಶವನ್ನು ತಡೆಯುತ್ತದೆ. ದಿನಗಟ್ಟಲೆ ಹೀಗೆ ನಡೆದಾಗ ಗ್ರಾಹಕಗಳ ಸ್ಪಂದನೆ ಕುಗ್ಗುತ್ತದೆ; ಕೆಲವು ಕೋಶದೊಳಕ್ಕೆ ಸರಿಯುತ್ತವೆ. ಪ್ರಮಾಣ ಹೆಚ್ಚಿಸಿದರೆ ಪರಿಣಾಮ ಮರಳುವುದು ಇದರ ಲಕ್ಷಣ. ಆದರೆ ಎಲ್ಲ ಪರಿಣಾಮಗಳಿಗೂ ಸಹಿಷ್ಣುತೆ ಬರುವುದಿಲ್ಲ. ವಾಕರಿಕೆ, ಮಂಪರು ಕೆಲವು ದಿನಗಳಲ್ಲಿ ಕಡಿಮೆಯಾದರೂ ಮಲಬದ್ಧತೆ ಉಳಿಯುತ್ತದೆ. ಮಾರ್ಫಿನ್ ಜತೆ ವಿರೇಚಕ ಕೊಡುವುದು ಅದಕ್ಕಾಗಿಯೇ. ಇನ್ನು, ನೋವು ಹೆಚ್ಚಿದ ಮಾತ್ರಕ್ಕೆ ಸಹಿಷ್ಣುತೆ ಎನ್ನಲಾಗದು, ಗಡ್ಡೆಯೇ ಬೆಳೆದಿರಬಹುದು.

ಟಾಕಿಫೈಲಾಕ್ಸಿಸ್ ಎಂಬುದು ನಿಮಿಷ ಅಥವಾ ಗಂಟೆಗಳಲ್ಲೇ ಕಾಣಿಸಿಕೊಳ್ಳುವ ಕುಸಿತ. ಬೆನ್ನುಹುರಿ ಅರಿವಳಿಕೆಯ ನಂತರ ರಕ್ತದೊತ್ತಡ ಇಳಿದಾಗ ಎಫೆಡ್ರಿನ್ ಚುಚ್ಚುಮದ್ದು ಕೊಡುವುದುಂಟು. ಅದು ಬಹುಮಟ್ಟಿಗೆ ನರತುದಿಗಳಲ್ಲಿ ಸಂಗ್ರಹವಾಗಿರುವ ನಾರ್ ಅಡ್ರಿನಲಿನ್ ಅನ್ನು ಹೊರಹಾಕಿಸಿ ಒತ್ತಡ ಏರಿಸುತ್ತದೆ. ಮತ್ತೆ ಮತ್ತೆ ಕೊಟ್ಟರೆ ದಾಸ್ತಾನು ಬರಿದಾಗುತ್ತದೆ. ಆಗ ಪ್ರಮಾಣ ಹೆಚ್ಚಿಸಿಯೂ ಅಷ್ಟೇನೂ ಫಲವಿಲ್ಲ. ನೇರವಾಗಿ ಗ್ರಾಹಕದ ಮೇಲೆಯೇ ವರ್ತಿಸುವ ಫಿನೈಲೆಫ್ರಿನ್ ಮಾತ್ರ ಆಗಲೂ ಕೆಲಸ ಮಾಡುತ್ತದೆ. ಗ್ರಾಹಕ ಸರಿಯಿದೆ, ಸರಕು ಮುಗಿದಿದೆ ಎಂಬುದು ಇದರಿಂದಲೇ ತಿಳಿಯುತ್ತದೆ.

ಅವಲಂಬನೆ ಗೊತ್ತಾಗುವುದು ಔಷಧ ನಿಂತಾಗ. ಮಾರ್ಫಿನ್ ಮಿದುಳುಕಾಂಡದ ಕೆಲವು ನರಕೋಶಗಳನ್ನು ಸತತವಾಗಿ ಅದುಮಿಡುತ್ತದೆ. ಆ ಕೋಶಗಳು ಸರಿದೂಗಿಸಲೆಂದು ತಮ್ಮೊಳಗಿನ ಸಂಜ್ಞಾ ವ್ಯವಸ್ಥೆಯನ್ನು ಚುರುಕುಗೊಳಿಸಿಕೊಳ್ಳುತ್ತವೆ. ಹಠಾತ್ತನೆ ಔಷಧ ನಿಂತರೆ ಅದುಮುವ ಕೈ ತೆಗೆದಂತಾಗಿ, ನಾರ್ ಅಡ್ರಿನಲಿನ್ ಉಕ್ಕುತ್ತದೆ. ಆಕಳಿಕೆ, ಮೂಗು ಸೋರುವುದು, ರೋಮಾಂಚನ, ಭೇದಿ, ನಿದ್ರಾಹೀನತೆ ಆರಂಭವಾಗುತ್ತವೆ. ಮೇಲಿನ ರೋಗಿಗೆ ಮಾತ್ರೆ ನಿಲ್ಲಿಸಿದ ಮರುದಿನ ಆಗುವುದು ಇದೇ. ಜತೆಗೆ ನೋವೂ ಮರಳುತ್ತದೆ.

ಇದು ವ್ಯಸನವಲ್ಲ. ರಕ್ತದೊತ್ತಡಕ್ಕೆ ನೀಡುವ ಪ್ರೊಪ್ರನೊಲಾಲ್ ಮಾತ್ರೆಯನ್ನು ಯಾರೂ ಹಂಬಲಿಸುವುದಿಲ್ಲ. ಆದರೂ ಅದನ್ನು ಏಕಾಏಕಿ ನಿಲ್ಲಿಸಿದರೆ ಹೃದಯ ಬಡಿತ ಏರಿ ಎದೆನೋವು ಬರಬಹುದು. ಹಾನಿ ತಿಳಿದೂ ಬಿಡಲಾಗದೆ ಔಷಧಕ್ಕಾಗಿ ಹಾತೊರೆಯುವುದು ವ್ಯಸನದ ಗುರುತು. ನೋವಿನ ಪರಿಹಾರಕ್ಕಷ್ಟೇ ಹೆಚ್ಚಿನ ಮಾತ್ರೆ ಕೇಳುವ ರೋಗಿಯಲ್ಲಿ ಅದನ್ನು ಕಾಣಬೇಕಿಲ್ಲ. ವಿಕಿರಣ ಚಿಕಿತ್ಸೆಯಿಂದ ನೋವು ತಗ್ಗಿದ ರೋಗಿಗೆ ವೈದ್ಯರು ಮಾರ್ಫಿನ್ ಪ್ರಮಾಣವನ್ನು ಹಂತಹಂತವಾಗಿ ಇಳಿಸುತ್ತಾರೆ. ಆಗ ನರಕೋಶಗಳು ಹಳೆಯ ಸ್ಥಿತಿಗೆ ಬರಲು ಸಮಯ ಸಿಗುವುದರಿಂದ ಈ ತೊಂದರೆಗಳು ಬಹುತೇಕ ಕಾಣಿಸಿಕೊಳ್ಳುವುದಿಲ್ಲ.