ಅಧಿಪತ್ಯ ಸ್ಥಿರತಾ ಸಿದ್ಧಾಂತ ಮತ್ತು ತಾಳಿಕೋಟೆ ಪ್ರಸಂಗ

ಒಂದು ಪ್ರಬಲ ರಾಷ್ಟ್ರವು ವ್ಯವಸ್ಥೆಯ ಹೊಣೆ ಹೊತ್ತಿರುವವರೆಗೆ ಲೋಕವ್ಯವಸ್ಥೆ ಸ್ಥಿರವಾಗಿರುತ್ತದೆ, ಅದು ಕುಗ್ಗಿದಾಗ ಅಲುಗಾಡುತ್ತದೆ ಎಂಬ ವಾದವೇ ಅಧಿಪತ್ಯ ಸ್ಥಿರತಾ ಸಿದ್ಧಾಂತ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಬ್ರಿಟನ್ನಿಗೆ ಈ ಹೊಣೆ ಹೊರುವ ಶಕ್ತಿಯಿರಲಿಲ್ಲ, ಅಮೆರಿಕಕ್ಕೆ ಮನಸ್ಸಿರಲಿಲ್ಲ ಎಂದು ಚಾರ್ಲ್ಸ್ ಕಿಂಡಲ್‌ಬರ್ಗರ್ 1973ರಲ್ಲಿ ಬರೆದದ್ದು ಇದರ ಮೂಲ. ನಾಯಕ ಕುಗ್ಗಿದರೂ ಅವನು ಕಟ್ಟಿದ ಸಂಸ್ಥೆಗಳು ಸಹಕಾರವನ್ನು ಉಳಿಸಬಲ್ಲವು ಎಂದು ರಾಬರ್ಟ್ ಕೊಹೇನ್ 1984ರಲ್ಲಿ ವಾದಿಸಿದರು.

ಆಧುನಿಕ ಕಾಲದ ಈ ವಾದವನ್ನು ಒರೆಗೆ ಹಚ್ಚಲು 16ನೆಯ ಶತಮಾನದ ದಖ್ಖನ್ ತಕ್ಕ ನಿದರ್ಶನ. ಬಹಮನಿ ರಾಜ್ಯ ಒಡೆದು ಐದಾದ ಮೇಲೆ ವಿಜಯನಗರವೇ ಈ ಭಾಗದ ಹಿರಿಯ ಶಕ್ತಿಯಾಯಿತು. ಅಳಿಯ ರಾಮರಾಯನು ಒಮ್ಮೆ ಅಹ್ಮದ್‌ನಗರದ ಜತೆ ಸೇರಿ ಬಿಜಾಪುರದ ಮೇಲೆ, ಮತ್ತೊಮ್ಮೆ ಬಿಜಾಪುರದ ಜತೆ ಸೇರಿ ಅಹ್ಮದ್‌ನಗರದ ಮೇಲೆ ದಂಡೆತ್ತಿ ಸುಲ್ತಾನರು ಒಂದಾಗದಂತೆ ನೋಡಿಕೊಂಡ.

ಈ ಏರ್ಪಾಡು ಮುರಿದ ಬಗೆಯೇ ವಿವಾದದ ವಿಷಯ. ಇತಿಹಾಸಕಾರ ಫೆರಿಶ್ತಾನ ಪ್ರಕಾರ, ಮಗನನ್ನು ಕಳೆದುಕೊಂಡ ರಾಮರಾಯನನ್ನು ಸಂತೈಸಲು ಬಿಜಾಪುರದ ಸುಲ್ತಾನ ಅಲಿ ಆದಿಲ್ ಶಾಹ ಸ್ವತಃ ವಿಜಯನಗರಕ್ಕೆ ಹೋದ. ರಾಣಿ ಅವನನ್ನು ಮಗನೆಂದು ಕರೆದಳು. ಆದರೆ ಹೊರಡುವಾಗ ರಾಮರಾಯ ಬೀಳ್ಕೊಡಲು ಬರಲಿಲ್ಲ. ಆ ಅವಮಾನ ಅಲಿಯ ಮನಸ್ಸಿನಲ್ಲಿ ಉಳಿಯಿತಂತೆ. ಫೆರಿಶ್ತಾ ಬಿಜಾಪುರದ ಆಶ್ರಯದಲ್ಲಿ, ಕದನದ ನಂತರ ಬರೆದವನು ಎಂಬುದನ್ನು ಮರೆಯುವಂತಿಲ್ಲ. ಕಾರಣ ಏನೇ ಇರಲಿ, ಅಹ್ಮದ್‌ನಗರದ ಚಾಂದಬೀಬಿ ಅಲಿಯ ಮಡದಿಯಾದಳು, ಸೋಲಾಪುರ ಬಳುವಳಿಯಾಗಿ ಬಂತು, ಹಳೆಯ ವೈರಿಗಳು ಬೀಗರಾದರು. ಬೇರಾರ್ ಬಿಟ್ಟು ಉಳಿದ ನಾಲ್ವರು ಕೂಡಿದರು.

ಅವರ ಸೈನ್ಯ ಈಗಿನ ವಿಜಯಪುರ ಜಿಲ್ಲೆಯ ತಾಳಿಕೋಟೆಯಲ್ಲಿ ಬೀಡುಬಿಟ್ಟಿತು. ಮುದ್ದೇಬಿಹಾಳ ಸೀಮೆಯ ಈ ಊರು ಡೋಣಿ ನದಿಯ ದಡದಲ್ಲಿದೆ. ಕಾಳಗ ನಡೆದದ್ದು ದೂರದ ಕೃಷ್ಣೆಯ ಬಳಿ. ಹೀಗಾಗಿ ‘ತಾಳಿಕೋಟೆ ಕದನ’ಕ್ಕಿಂತ ‘ರಕ್ಕಸತಂಗಡಿ ಕದನ’ ಸರಿಯೆನ್ನುವವರಿದ್ದಾರೆ. ಬನ್ನಿಹಟ್ಟಿಯ ಹೆಸರೂ ಕೇಳಿಬರುತ್ತದೆ. ನದಿ ದಾಟಿದ ಮೇಲೆ ದಕ್ಷಿಣದಲ್ಲೇ ಯುದ್ಧವಾಯಿತೆಂದು ರಾಬರ್ಟ್ ಸೀವೆಲ್ 1900ರಲ್ಲಿ ವಾದಿಸಿದರು. 1565ರ ಜನವರಿಯಲ್ಲಿ ರಾಮರಾಯ ಸೆರೆಸಿಕ್ಕು ಹತನಾದ.

ಸಿದ್ಧಾಂತಕ್ಕೆ ಇಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು, ಯುದ್ಧ ಬಂದದ್ದು ವಿಜಯನಗರ ಕುಗ್ಗುತ್ತಿದ್ದಾಗಲ್ಲ, ಅದರ ಬಲ ನೆರೆಯವರಿಗೆ ಅಸಹನೀಯವಾದಾಗ. ಎರಡನೆಯದು, ನಾಯಕ ಬಿದ್ದ ಕೂಡಲೇ ಉತ್ತರದ ವ್ಯವಸ್ಥೆ ಕುಸಿಯಲಿಲ್ಲ. ಬಿಜಾಪುರ ಮತ್ತು ಅಹ್ಮದ್‌ನಗರ ಒಪ್ಪಂದ ಮಾಡಿಕೊಂಡು, ಬೇರಾರ್ ಅಹ್ಮದ್‌ನಗರಕ್ಕೆ, ತೆಂಕಣ ನಾಡು ಬಿಜಾಪುರಕ್ಕೆ ಎಂದು ಹಂಚಿಕೊಂಡವು. 1574ರಲ್ಲಿ ಬೇರಾರ್ ಅಹ್ಮದ್‌ನಗರದ ಪಾಲಾಯಿತು. ಬಿಜಾಪುರ ಉಳಿದದ್ದು 1686ರವರೆಗೆ, ಮೊಘಲರು ಗೆಲ್ಲುವ ತನಕ.

ಅಸ್ಥಿರತೆ ಹೆಚ್ಚಾಗಿ ಕಂಡದ್ದು ಬಿದ್ದವನ ಮನೆಯೊಳಗೇ. ರಾಜಧಾನಿ ಪೆನುಕೊಂಡೆಗೆ ಹೋಯಿತು, ನಾಯಕರು ಒಬ್ಬೊಬ್ಬರಾಗಿ ಸ್ವತಂತ್ರರಾದರು, 1610ರಲ್ಲಿ ಶ್ರೀರಂಗಪಟ್ಟಣ ಮೈಸೂರಿನ ರಾಜ ಒಡೆಯರ ವಶವಾಯಿತು. ಅಧಿಪತ್ಯದ ಪತನ ಎಲ್ಲೆಡೆ ಒಂದೇ ಬಗೆಯ ಅವ್ಯವಸ್ಥೆ ತರುತ್ತದೆಂಬ ನಿಲುವನ್ನು ಈ ಪ್ರಸಂಗ ಎತ್ತಿಹಿಡಿಯುವುದಿಲ್ಲ.