ಬೆನ್ನಿನ ನೀರಿನ ಸಾಕ್ಷ್ಯ: ಬ್ಯಾಕ್ಟೀರಿಯಾ ಮೆನಿಂಜೈಟಿಸ್ ರೋಗನಿದಾನದ ಒಂದು ಸಮೀಕ್ಷೆ

ಮಿದುಳನ್ನೂ ಬೆನ್ನುಹುರಿಯನ್ನೂ ಆವರಿಸಿರುವ ಪೊರೆಗಳಿಗೆ ಬ್ಯಾಕ್ಟೀರಿಯಾ ಸೋಂಕು ತಗಲಿ ಉಂಟಾಗುವ ಉರಿಯೂತವನ್ನು ಗುರುತಿಸುವ ವಿದ್ಯೆ ನಮ್ಮ ಕಾಲದಲ್ಲಿ ಎರಡು ಕಡೆಯಿಂದ ಸವೆಯುತ್ತಲಿದೆ. ಕುತ್ತಿಗೆ ಬಿಗಿತ ಮೊದಲಾದ ಪ್ರಾಚೀನ ಲಕ್ಷಣಗಳಿಗೆ ಬೆಲೆಯಿಲ್ಲವೆಂಬ ಮಾತು ಕಿರಿಯ ವೈದ್ಯರಲ್ಲಿ ಬಳಕೆಗೆ ಬಂದಿರುವುದು ಒಂದು ಕಡೆ. ರೋಗಿಯ ಬೆನ್ನಿನಿಂದ ತೆಗೆದ ನೀರಿನ ವರದಿಯನ್ನು, ಅದರ ಪಕ್ಕದಲ್ಲಿ ಇರಲೇಬೇಕಾದ ರಕ್ತದ ಸಕ್ಕರೆಯ ಅಂಕಿಯಿಲ್ಲದೆ, ಒಂಟಿಯಾಗಿ ಓದುವ ಅಭ್ಯಾಸ ಬೇರೂರಿರುವುದು ಇನ್ನೊಂದು ಕಡೆ. ಇವೆರಡೂ ಹೇಗೆ ಬಂದವೆಂಬುದನ್ನು ತಿಳಿಯಬೇಕಾದರೆ ಈ ವಿದ್ಯೆ ನಡೆದುಬಂದ ದಾರಿಯನ್ನು ಒಮ್ಮೆ ಹಿಂದಿರುಗಿ ನೋಡುವುದು ಅವಶ್ಯಕ.

ಆರಂಭದ ಘಟ್ಟಗಳನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. 1805ರಲ್ಲಿ ಜಿನೀವಾದಲ್ಲಿ ಹಬ್ಬಿದ ಸಾಂಕ್ರಾಮಿಕವನ್ನು ಗಾಸ್ಪಾರ್ ವ್ಯೂಸ್ಸೋ ಎಂಬ ವೈದ್ಯನು ವರ್ಣಿಸಿದನು. 1880ರ ದಶಕದಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ವ್ಲಾದಿಮಿರ್ ಕೆರ್ನಿಗ್, ಸೊಂಟ ಮಡಿಸಿದ ಸ್ಥಿತಿಯಲ್ಲಿ ಈ ರೋಗಿಗಳ ಮೊಣಕಾಲು ಪೂರ್ತಿ ಚಾಚಿಕೊಳ್ಳದೆ ನೋವಿನಿಂದ ತಡೆಯುವುದನ್ನು ಕಂಡನು. 1887ರಲ್ಲಿ ವಿಯೆನ್ನಾದ ಆಂಟನ್ ವೈಕ್ಸೆಲ್‌ಬಾಮ್ ಮೆನಿಂಗೋಕಾಕಸ್ ಎಂದು ಇಂದು ಹೆಸರಾದ ಜೀವಾಣುವನ್ನು ಗುರುತಿಸಿದನು. 1909ರಲ್ಲಿ ಪೋಲೆಂಡಿನ ಮಕ್ಕಳ ವೈದ್ಯ ಯೋಸೆಫ್ ಬ್ರುಡ್‌ಜಿನ್‌ಸ್ಕಿ, ಮಲಗಿರುವ ಮಗುವಿನ ತಲೆಯನ್ನು ಎದೆಯತ್ತ ಬಾಗಿಸಿದಾಗ ಅದರ ಕಾಲುಗಳು ತಾವಾಗಿಯೇ ಮಡಿಸಿಕೊಳ್ಳುವುದನ್ನು ದಾಖಲಿಸಿದನು. ಮೊಣಕಾಲು ಚಾಚದಿರುವುದು, ಕಾಲು ಮಡಿಸಿಕೊಳ್ಳುವುದು ಎಂಬ ಈ ಎರಡು ಚಿಹ್ನೆಗಳ ಕಾರಣ ಒಂದೇ: ಉರಿಯೂತವಾದ ಪೊರೆಗಳೂ ನರದ ಬೇರುಗಳೂ ಎಳೆತವನ್ನು ಸಹಿಸಲಾರವು, ದೇಹವು ಆ ಎಳೆತವನ್ನು ತಪ್ಪಿಸಿಕೊಳ್ಳಲು ಸ್ನಾಯುಗಳನ್ನು ಬಿಗಿಹಿಡಿಯುತ್ತದೆ.

ಈ ನಡುವೆ, 1891ರಲ್ಲಿ, ಜರ್ಮನಿಯ ಕೀಲ್ ನಗರದ ಹೈನ್ರಿಕ್ ಕ್ವಿಂಕೆ ಸೊಂಟದ ಎರಡು ಕಶೇರುಗಳ ನಡುವೆ ಸೂಜಿ ತೂರಿಸಿ ನೀರು ತೆಗೆಯುವ ಕ್ರಮವನ್ನು ವಿವರಿಸಿದನು. ತಲೆಯಲ್ಲಿ ನೀರು ತುಂಬಿದ ಮಕ್ಕಳ ಒತ್ತಡವನ್ನು ಇಳಿಸುವುದು ಅವನ ಮೊದಲ ಉದ್ದೇಶವಾಗಿದ್ದರೂ, ಆತನು ನೀರಿನ ಒತ್ತಡವನ್ನೂ ಪ್ರೋಟೀನನ್ನೂ ಸಕ್ಕರೆಯನ್ನೂ ಅಳೆಯುವ ಪರಿಪಾಠವನ್ನು ಹಾಕಿಕೊಟ್ಟನು; ಚಿಕಿತ್ಸೆಯಾಗಿ ಹುಟ್ಟಿದ್ದು ಹೀಗೆ ಪರೀಕ್ಷೆಯಾಗಿ ನಿಂತಿತು. ಮುಂದೆ ಸೈಮನ್ ಫ್ಲೆಕ್ಸ್‌ನರ್ ಕುದುರೆಯ ಸೀರಮ್ಮನ್ನು ಇದೇ ಸೂಜಿಯ ದಾರಿಯಿಂದ ಒಳಗೆ ಕಳುಹಿಸಿ ಹಲವರನ್ನು ಉಳಿಸಿದನು. 1930ರ ದಶಕದ ಸಲ್ಫಾ ಔಷಧಗಳೂ ತರುವಾಯ ಪೆನಿಸಿಲಿನ್ನೂ ಬಂದ ಮೇಲೆ ಸೀರಮ್ ಮರೆಗೆ ಸರಿಯಿತು, ಸೂಜಿ ಮಾತ್ರ ಉಳಿಯಿತು.

ನನ್ನ ತಲೆಮಾರು ಈ ವಿದ್ಯೆಯನ್ನು ಕಲಿತದ್ದು ಸ್ಕ್ಯಾನ್ ಯಂತ್ರಗಳು ಜಿಲ್ಲಾ ಆಸ್ಪತ್ರೆಗಳಿಗೆ ಬರುವುದಕ್ಕೆ ಮೊದಲು. ರೋಗಿಯನ್ನು ಎಡಮಗ್ಗುಲಾಗಿ ಮಲಗಿಸಿ, ಮೊಣಕಾಲುಗಳನ್ನು ಹೊಟ್ಟೆಯತ್ತ ತಂದು, ಸೊಂಟದ ಎರಡೂ ಎಲುಬುಗಳ ತುದಿಯನ್ನು ಬೆರಳಿನಿಂದ ಮುಟ್ಟಿ, ಅವುಗಳನ್ನು ಕೂಡಿಸುವ ರೇಖೆಯು ಬೆನ್ನೆಲುಬನ್ನು ದಾಟುವ ಜಾಗದ ಆಸುಪಾಸಿನಲ್ಲಿ ಸೂಜಿ ಹಾಕುತ್ತಿದ್ದೆವು; ವಯಸ್ಕರಲ್ಲಿ ಬೆನ್ನುಹುರಿ ಅದಕ್ಕಿಂತ ಮೇಲೆಯೇ ಮುಗಿಯುವುದರಿಂದ ಅಲ್ಲಿ ಅದಕ್ಕೆ ಅಪಾಯವಿಲ್ಲ. ಸೂಜಿ ಗಟ್ಟಿ ಪೊರೆಯನ್ನು ದಾಟುವಾಗ ಕೈಗೆ ತಿಳಿಯುವ ಒಂದು ಸಣ್ಣ ಸಡಿಲಿಕೆ, ಬಳಿಕ ಗಾಜಿನ ನಳಿಕೆಯಲ್ಲಿ ನೀರು ಏರುವುದನ್ನು ನೋಡುವುದು, 60ರಿಂದ 200 ಮಿಲಿಮೀಟರಿನೊಳಗೆ ನಿಂತರೆ ಸಹಜ, 300ನ್ನು ದಾಟಿದರೆ ಒತ್ತಡ ತುಂಬ ಹೆಚ್ಚೆಂದು ತಿಳಿಯುವುದು: ಇವು ನಮ್ಮ ದಿನಚರಿಯಾಗಿದ್ದವು. ಆ ನೀರು ತಿಳಿಯಾಗಿದೆಯೋ, ಅಕ್ಕಿ ತೊಳೆದ ನೀರಿನಂತೆ ಮಬ್ಬಾಗಿದೆಯೋ ಎಂಬುದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದೆವು. ಕೋಶಗಳನ್ನು ಎಣಿಸುವ ಕೆಲಸವನ್ನೂ ಬಹುತೇಕ ನಾವೇ ಮಾಡಬೇಕಾಗಿತ್ತು. ಕಷ್ಟವೆನಿಸಿದರೂ ನೀರಿನ ಕಥೆಯನ್ನು ಓದಲು ಕಲಿಸಿದ್ದು ಅದೇ.

ಲಕ್ಷಣಗಳ ಪುನರ್ವಿಮರ್ಶೆ ನಡೆದದ್ದು ಈ ಶತಮಾನದ ಆರಂಭದಲ್ಲಿ. 2002ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಮೆನಿಂಜೈಟಿಸ್ ಶಂಕೆಯಿದ್ದ 297 ವಯಸ್ಕರನ್ನು ಪರೀಕ್ಷಿಸಿದಾಗ, ಕೆರ್ನಿಗ್ ಹಾಗೂ ಬ್ರುಡ್‌ಜಿನ್‌ಸ್ಕಿ ಚಿಹ್ನೆಗಳು ನಿಜವಾದ ರೋಗಿಗಳಲ್ಲಿ ನೂರಕ್ಕೆ ಐದರಷ್ಟು ಮಂದಿಯಲ್ಲಿ ಮಾತ್ರ ಕಂಡವು. ‘ಈ ಚಿಹ್ನೆಗಳು ನಿಷ್ಪ್ರಯೋಜಕ’ ಎಂಬ ಮಾತಿಗೆ ಬುಡ ಇದೇ. ಅದೇ ಅಧ್ಯಯನದ ಇನ್ನರ್ಧವನ್ನು ಹೇಳುವವರು ವಿರಳ: ರೋಗವಿಲ್ಲದವರಲ್ಲಿ ನೂರಕ್ಕೆ 95ರಷ್ಟು ಮಂದಿಗೆ ಆ ಚಿಹ್ನೆಗಳು ಇರಲಿಲ್ಲ. ಅಂದರೆ ಆ ಗುಂಪಿನಲ್ಲಿ ಚಿಹ್ನೆ ಕಂಡರೂ ಶಂಕೆ ಬಲವಾಗುತ್ತಿರಲಿಲ್ಲ. ಕಾಣದಿದ್ದರೂ ರೋಗವಿಲ್ಲವೆನ್ನಲಾಗದು. ಆದರೆ ಆ ಅಧ್ಯಯನದಲ್ಲಿ ಸೌಮ್ಯ ಉರಿಯೂತವಿದ್ದವರೂ ಸೇರಿದ್ದರು. ಕೆರ್ನಿಗ್‌ನು ನೋಡಿದ ರೋಗಿಗಳಾದರೋ ಔಷಧವಿಲ್ಲದ ಕಾಲದಲ್ಲಿ ರೋಗ ಬಲಿತ ಮೇಲೆ ಆಸ್ಪತ್ರೆ ಸೇರಿದವರು. 2004ರಲ್ಲಿ ನೆದರ್ಲೆಂಡಿನಿಂದ ಬಂದ 696 ಪ್ರಕರಣಗಳ ವರದಿಯು ವಿವಾದವನ್ನು ಒಂದು ತೆರನಾಗಿ ಬಗೆಹರಿಸಿತು: ಜ್ವರ, ಕುತ್ತಿಗೆ ಬಿಗಿತ, ಪ್ರಜ್ಞೆಯ ಏರುಪೇರು ಎಂಬ ಪಾಠಪುಸ್ತಕದ ಮೂರೂ ಒಟ್ಟಾಗಿ ಇದ್ದದ್ದು ನೂರಕ್ಕೆ 44 ಮಂದಿಯಲ್ಲಿ ಮಾತ್ರ, ಆದರೆ ತಲೆನೋವನ್ನೂ ಸೇರಿಸಿದ ನಾಲ್ಕರಲ್ಲಿ ಯಾವುದಾದರೂ ಎರಡು ಇದ್ದವರು ನೂರಕ್ಕೆ 95. ‘ಮೂರೂ ಇಲ್ಲ, ಆದ್ದರಿಂದ ರೋಗವಿಲ್ಲ’ ಎಂಬ ತರ್ಕ ಹೀಗೆ ಬಿದ್ದುಹೋಯಿತು. ಹಸುಗೂಸುಗಳಲ್ಲಿ ಕುತ್ತಿಗೆ ಬಿಗಿಯದೆ, ಹಾಲು ಕುಡಿಯದಿರುವುದು, ಅಳುವುದು, ನೆತ್ತಿಯ ಮೆದು ಭಾಗ ಉಬ್ಬುವುದು ಮಾತ್ರ ಕಾಣಬಹುದು.

ಲಕ್ಷಣಗಳು ದ್ವಾರದವರೆಗೆ ಮಾತ್ರ ಕರೆತರುತ್ತವೆ. ಒಳಗಿರುವುದನ್ನು ಹೇಳುವುದು ನೀರು. ಸಹಜ ನೀರಿನಲ್ಲಿ ಒಂದು ಘನ ಮಿಲಿಮೀಟರಿಗೆ ಐದಕ್ಕಿಂತ ಹೆಚ್ಚು ಬಿಳಿಕಣಗಳಿರವು, ಪ್ರೋಟೀನು ಸುಮಾರು 45 ಮಿಲಿಗ್ರಾಮಿನೊಳಗೆ, ಸಕ್ಕರೆ ರಕ್ತದ ಸಕ್ಕರೆಯ ಸುಮಾರು ಮೂರರಲ್ಲಿ ಎರಡು ಪಾಲು. ಬ್ಯಾಕ್ಟೀರಿಯಾ ಸೋಂಕಿನಲ್ಲಿ ಬಿಳಿಕಣಗಳು ಸಾಮಾನ್ಯವಾಗಿ ಸಾವಿರದಾಚೆಗೆ ಏರುತ್ತವೆ. ಅವುಗಳಲ್ಲಿ ಬಹುಪಾಲು ನ್ಯೂಟ್ರೋಫಿಲ್‌ಗಳು. ರಕ್ತಕ್ಕೂ ಮಿದುಳಿಗೂ ನಡುವಿನ ತಡೆ ಸೋರಿ ಪ್ರೋಟೀನು ಹೆಚ್ಚುತ್ತದೆ. ಸಕ್ಕರೆ ಕುಸಿಯುವುದೇಕೆ ಎಂಬುದು ಬಹುಕಾಲ ತಪ್ಪಾಗಿ ಅರ್ಥವಾದ ವಿಷಯ: ಜೀವಾಣುಗಳೇ ಅದನ್ನು ತಿಂದುಬಿಡುವುವೆಂದು ಹಿಂದೆ ನಂಬಿದ್ದರು. ವಸ್ತುತಃ ಜೀವಾಣುಗಳ ಪಾಲು ಕಡಿಮೆ; ರಕ್ತದಿಂದ ಸಕ್ಕರೆಯನ್ನು ಒಳಗೆ ಸಾಗಿಸುವ ವ್ಯವಸ್ಥೆಯೇ ಕೆಡುವುದು, ಬಿಳಿಕಣಗಳೂ ಮಿದುಳಿನ ಅಂಗಾಂಶವೂ ಅದನ್ನು ಹೆಚ್ಚಾಗಿ ಬಳಸುವುದು ಮುಖ್ಯ ಕಾರಣಗಳು. ಸಾಗಣೆಯೇ ಕೆಟ್ಟಿರುವಾಗ ನೀರಿನ ಸಕ್ಕರೆಯನ್ನು ಅದು ಹೊರಟ ಮೂಲವಾದ ರಕ್ತದ ಸಕ್ಕರೆಯೊಡನೆ ಹೋಲಿಸದೆ ಓದುವುದು ಅರ್ಥಹೀನ.

ಇದನ್ನು ಒಂದು ಪ್ರಕರಣದಿಂದ ಸ್ಪಷ್ಟಪಡಿಸುವೆನು. ಐವತ್ತಾರು ವರ್ಷದ, ಸಕ್ಕರೆ ಕಾಯಿಲೆಯ ರೈತನೊಬ್ಬನಿಗೆ ಎರಡು ದಿನದಿಂದ ಜ್ವರ, ತಲೆನೋವು. ಊರಿನಲ್ಲಿ ಇಂಜೆಕ್ಷನ್ ಹಾಕಿಸಿಕೊಂಡು ಬಂದಿದ್ದನು. ಮಾತು ತೊದಲುತ್ತಿತ್ತು, ಕುತ್ತಿಗೆ ಅಷ್ಟೇನೂ ಬಿಗಿಯಿರಲಿಲ್ಲ. ನೀರಿನ ವರದಿ ಹೀಗೆ ಬಂದಿತು: ಬಿಳಿಕಣ 1,200, ಅದರಲ್ಲಿ ನೂರಕ್ಕೆ 85 ನ್ಯೂಟ್ರೋಫಿಲ್, ಪ್ರೋಟೀನು 180, ಸಕ್ಕರೆ 48, ಗ್ರಾಮ್ ಬಣ್ಣದಲ್ಲಿ ಜೀವಾಣು ಕಾಣಲಿಲ್ಲ. ಸಕ್ಕರೆ 48 ಎಂಬುದನ್ನು ವರದಿಯ ಪಕ್ಕದ ಸಹಜ ಮಿತಿಯೊಡನೆ ಹೋಲಿಸಿದ ಕಿರಿಯ ವೈದ್ಯರು ಅದನ್ನು ‘ಬಹುಶಃ ಸಹಜ’ ಎಂದು ಬಗೆದು, ವೈರಸ್ ಸೋಂಕಿನ ಕಡೆಗೆ ಒಲಿದರು. ಆದರೆ ನೀರು ತೆಗೆಯುವ ಮುನ್ನ ತೆಗೆದಿದ್ದ ರಕ್ತದ ಸಕ್ಕರೆ 290. ಭಾಗಿಸಿದರೆ 0.17, ಸಾಮಾನ್ಯವಾಗಿ 0.4ಕ್ಕಿಂತ ಕಡಿಮೆಯಾದರೇ ಶಂಕಿಸಬೇಕು. ರಕ್ತದ ಸಕ್ಕರೆ ತುಂಬ ಏರಿದಾಗ ಈ ಅನುಪಾತ ಸಹಜವಾಗಿಯೂ ಸ್ವಲ್ಪ ಇಳಿಯುವುದುಂಟು, ರಕ್ತದ ಏರಿಳಿತವು ನೀರನ್ನು ಮುಟ್ಟಲು ಕೆಲವು ಗಂಟೆ ಬೇಕು, ಆದರೂ 0.17 ಎಂಬುದು ಆ ಸಡಿಲಿಕೆಗೆ ಒಳಪಡದಷ್ಟು ಕೆಳಗಿದೆ. ಗ್ರಾಮ್ ಬಣ್ಣ ಖಾಲಿಯಾಗಿದ್ದುದು ಇಂಜೆಕ್ಷನ್ನಿನ ಫಲವೆಂದು ತಿಳಿಯಬೇಕಾಗಿತ್ತೇ ಹೊರತು ರೋಗವಿಲ್ಲವೆಂದಲ್ಲ. ಕ್ಷಯದ ಮೆನಿಂಜೈಟಿಸಿನಲ್ಲೂ ಸಕ್ಕರೆ ಇಳಿಯುತ್ತದೆ. ಆದರೆ ಅಲ್ಲಿ ಜ್ವರ ಪ್ರಾಯಶಃ ವಾರಗಟ್ಟಲೆ ಎಳೆದಿರುತ್ತದೆ, ಬಿಳಿಕಣಗಳು ಕೆಲವು ನೂರಕ್ಕೆ ನಿಂತು ಲಿಂಫೋಸೈಟುಗಳೇ ಮೇಲುಗೈಯಾಗಿರುತ್ತವೆ. ನಮ್ಮ ದೇಶದಲ್ಲಿ ಈ ಎರಡರ ನಡುವಣ ಗೆರೆಯನ್ನು ಎಳೆಯುವುದೇ ವೈದ್ಯನ ಪ್ರತಿದಿನದ ಕಷ್ಟ. ಕ್ಷಯದ ಮೊದಲ ದಿನಗಳಲ್ಲಿ ನ್ಯೂಟ್ರೋಫಿಲ್‌ಗಳೇ ಹೆಚ್ಚಿರಬಹುದಾದ್ದರಿಂದ ಒಂದೇ ಅಂಕಿಯನ್ನು ನಂಬಲಾಗದು.

ಸ್ಕ್ಯಾನ್ ಬಂದ ಮೇಲೆ ಇನ್ನೊಂದು ಬದಲಾವಣೆಯಾಯಿತು: ಪ್ರತಿ ರೋಗಿಯೂ ಮೊದಲು ಸ್ಕ್ಯಾನಿಗೆ, ಆಮೇಲೆ ಸೂಜಿಗೆ. ತಲೆಯೊಳಗಿನ ಒತ್ತಡ ಬಹಳ ಏರಿದ್ದರೆ ನೀರು ತೆಗೆದಾಗ ಮಿದುಳು ಕೆಳಕ್ಕೆ ಜಾರುವ ಭಯ ನಿಜವೇ. ಆದರೆ ಆ ಭಯಕ್ಕೆ ಮಿತಿಯಿದೆ. 2001ರಲ್ಲಿ ಪ್ರಕಟವಾದ 301 ವಯಸ್ಕರ ಅಧ್ಯಯನವು ಅರವತ್ತು ದಾಟಿದವರು, ರೋಗನಿರೋಧಕ ಶಕ್ತಿ ಕುಂದಿದವರು, ಇತ್ತೀಚೆಗೆ ಫಿಟ್ಸ್ ಬಂದವರು, ಪ್ರಜ್ಞೆ ಕುಂದಿದವರು, ನರದೌರ್ಬಲ್ಯದ ಗುರುತಿರುವವರು ಯಾರೆಂದು ಮೊದಲೇ ಬೇರ್ಪಡಿಸಿದರೆ, ಉಳಿದವರಿಗೆ ಸ್ಕ್ಯಾನ್‌ಗಾಗಿ ಕಾಯುವ ಅಗತ್ಯ ಕಡಿಮೆಯೆಂದು ತೋರಿಸಿತು. ಸ್ಕ್ಯಾನ್ ಅನಿವಾರ್ಯವಾದರೆ ಮೊದಲು ರಕ್ತದ ಕಲ್ಚರ್ ತೆಗೆದು, ಡೆಕ್ಸಾಮೆಥಸೋನ್ ಜೊತೆಗೆ ಆಂಟಿಬಯಾಟಿಕ್ ಕೊಟ್ಟು, ಆಮೇಲೆ ಯಂತ್ರಕ್ಕೆ ಕಳುಹಿಸಬೇಕು. ಔಷಧ ಕೊಟ್ಟ ಕೆಲವೇ ಗಂಟೆಗಳಲ್ಲಿ ಕಲ್ಚರಿನಲ್ಲಿ ಜೀವಾಣು ಬೆಳೆಯದಿರಬಹುದು, ಮೆನಿಂಗೋಕಾಕಸ್ ಬಹುಬೇಗ ಮಾಯವಾಗುತ್ತದೆ. ಆದರೆ ಬಿಳಿಕಣಗಳೂ ಪ್ರೋಟೀನೂ ಕುಸಿದ ಸಕ್ಕರೆಯೂ ಅಷ್ಟು ಶೀಘ್ರವಾಗಿ ಬದಲಾಗವು. ಔಷಧದ ನಂತರ ನೀರು ತೆಗೆಯುವುದು ವ್ಯರ್ಥವೆಂಬುದು ತಪ್ಪಾದ ಅಭಿಪ್ರಾಯ.

ಸಮೀಕ್ಷೆ ಇಲ್ಲಿಗೆ ಬಂದಾಗ ಉಳಿದಿರುವ ಅಂತರಗಳು ಕಣ್ಣಿಗೆ ಕಾಣುತ್ತವೆ. ನೀರಿನ ಒತ್ತಡವನ್ನು ಅಳೆಯುವ ನಳಿಕೆ ಅನೇಕ ವಾರ್ಡುಗಳಲ್ಲಿ ಇಲ್ಲವೇ ಇಲ್ಲ. ಬಿಳಿಕಣಗಳು ಕೊಠಡಿಯ ಉಷ್ಣದಲ್ಲಿ ಗಂಟೆಗಟ್ಟಲೆ ನಿಂತರೆ ಒಡೆದು ಎಣಿಕೆ ಕಡಿಮೆಯಾಗುತ್ತದೆ, ಸಕ್ಕರೆಯೂ ಶೀಶೆಯಲ್ಲೇ ಕರಗುತ್ತದೆ. ರಾತ್ರಿ ತೆಗೆದ ನೀರು ಬೆಳಗ್ಗೆ ಪ್ರಯೋಗಾಲಯ ಮುಟ್ಟುವ ಕಡೆಗಳಲ್ಲಿ ವರದಿ ಏನನ್ನು ಹೇಳುತ್ತದೆಂಬುದನ್ನು ಯಾರೂ ವಿಚಾರಿಸುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ವರದಿಯ ಕಾಗದದಲ್ಲಿ ‘ಅದೇ ಸಮಯದ ರಕ್ತದ ಸಕ್ಕರೆ’ ಎಂಬ ಸಾಲು ಅಚ್ಚಾಗಿಲ್ಲ. ಆ ಸಾಲನ್ನು ಅಚ್ಚುಮಾಡಿಸುವುದಕ್ಕೂ, ಸೂಜಿ ಹಾಕುವ ಮೊದಲು ಫ್ಲೋರೈಡ್ ಶೀಶೆಯಲ್ಲಿ ರಕ್ತ ತೆಗೆಯುವುದಕ್ಕೂ, ನೀರನ್ನು ಒಂದು ಗಂಟೆಯೊಳಗೆ ಪ್ರಯೋಗಾಲಯಕ್ಕೆ ತಲುಪಿಸುವುದಕ್ಕೂ ದುಬಾರಿ ಯಂತ್ರವೇನೂ ಬೇಕಿಲ್ಲ. ಇಷ್ಟು ನಡೆದರೆ, 48 ಎಂಬ ಅಂಕಿಯನ್ನು ಒಂಟಿಯಾಗಿ ನೋಡಿ ರೋಗವಿಲ್ಲವೆಂದು ತೀರ್ಮಾನಿಸುವ ಪ್ರಮಾದಕ್ಕೆ ಅವಕಾಶವೇ ಉಳಿಯುವುದಿಲ್ಲ.